ಮಾರಾಟ ಏರಿತು, ಲಾಭ ಇಳಿಯಿತು: ಎಂಡಿಗೆ ಬರೆದ ಒಂದು ಇಮೇಲ್‌ನ ಲೆಕ್ಕ

ಮಾರಾಟ ಬಜೆಟ್‌ಗಿಂತ 1.06 ಕೋಟಿ ರೂಪಾಯಿ ಹೆಚ್ಚು. ಖರ್ಚು ಬಜೆಟ್‌ಗಿಂತ 1.12 ಕೋಟಿ ರೂಪಾಯಿ ಹೆಚ್ಚು. ಅರ್ಧ ವರ್ಷದ ಲೆಕ್ಕ ಕೂಡಿಸಿ ನೋಡಿದಾಗ ಇಂಥ ಎರಡು ಸಂಖ್ಯೆಗಳು ಎದುರಾದರೆ, ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಕೇಳುವ ಪ್ರಶ್ನೆ ಒಂದೇ: ‘ಇಷ್ಟೊಂದು ಮಾರಿದ್ದೇವಲ್ಲ, ದುಡ್ಡು ಎಲ್ಲಿ ಹೋಯಿತು?’ ಆ ಪ್ರಶ್ನೆಗೆ ಉತ್ತರ ಬರೆಯಬೇಕಾದವರು ಫೈನಾನ್ಸ್ ಮ್ಯಾನೇಜರ್. ಆ ಉತ್ತರ ಸಾಮಾನ್ಯವಾಗಿ ಒಂದು ಇಮೇಲ್. ಅದು ಸರಿಯಾಗಿದ್ದರೆ ಕಂಪನಿ ಮುಂದಿನ ಆರು ತಿಂಗಳಲ್ಲಿ ಏನು ಮಾಡಬೇಕೆಂಬುದು ಅದರಲ್ಲೇ ಸಿಗುತ್ತದೆ. ತಪ್ಪಾಗಿದ್ದರೆ ಸಮಸ್ಯೆ ಇನ್ನೂ ಆರು ತಿಂಗಳು ಮುಚ್ಚಿಹೋಗುತ್ತದೆ.

ಇದನ್ನು ಬಿಡಿಸಿ ನೋಡಲು ಕರ್ನಾಟಕಕ್ಕೆ ಹತ್ತಿರದ ಒಂದು ವ್ಯಾಪಾರವನ್ನು ತೆಗೆದುಕೊಳ್ಳಬಹುದು. ಅದು ಫಿಲ್ಟರ್ ಕಾಫಿಪುಡಿ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಆ ಬೀಜ ಕೊಂಡು, ಹುರಿದು, ಪುಡಿಮಾಡಿ, ಚಿಕೋರಿ ಬೆರೆಸಿ ಪ್ಯಾಕೆಟ್ ಮಾಡಿ ಮಾರುವ ಮಧ್ಯಮ ಗಾತ್ರದ ಕಂಪನಿಗಳು ರಾಜ್ಯದಲ್ಲಿ ಅನೇಕ. ಅಂಥ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಕಂಪನಿ ಮತ್ತು ಅದರ ಲೆಕ್ಕ ಕಲ್ಪಿತ. ಆದರೆ ಅದು ಸಿಕ್ಕಿಕೊಂಡ ಕಾಲ ನಿಜ: 2024ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳು. ಕಾಫಿ ಬೆಲೆ ಜಗತ್ತಿನಾದ್ಯಂತ ಏರಿದ ಕಾಲವದು. ರೋಬಸ್ಟಾ ಬೆಳೆಯುವುದರಲ್ಲಿ ಮೊದಲ ಸ್ಥಾನದಲ್ಲಿರುವ ವಿಯೆಟ್ನಾಂನಲ್ಲಿ ಬರ ಬಿದ್ದಿತ್ತು. ಒಟ್ಟು ಕಾಫಿಯಲ್ಲಿ ಮೊದಲ ಸ್ಥಾನದ ಬ್ರೆಜಿಲ್ ಕೂಡ ಒಣಗಿತ್ತು. ಸೆಪ್ಟೆಂಬರ್‌ನಲ್ಲಿ ಲಂಡನ್ ಪೇಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು.

ನಮ್ಮ ಕಂಪನಿಯ ಬಜೆಟ್ ಸರಳವಾದದ್ದು. ಆರು ತಿಂಗಳಲ್ಲಿ 1,00,000 ಕಿಲೋ ಪುಡಿ, ಕಿಲೋಗೆ 500 ರೂಪಾಯಿ. ಅಂದರೆ 5 ಕೋಟಿ ಮಾರಾಟ. ಒಂದು ಕಿಲೋ ಪುಡಿಯಲ್ಲಿ 800 ಗ್ರಾಂ ಕಾಫಿ, 200 ಗ್ರಾಂ ಚಿಕೋರಿ. ಗಾಢವಾಗಿ ಹುರಿದಾಗ ಕಾಫಿ ಬೀಜದ ತೂಕ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಆದ್ದರಿಂದ 800 ಗ್ರಾಂ ಹುರಿದ ಕಾಫಿಗೆ ಸರಿಯಾಗಿ ಒಂದು ಕಿಲೋ ಹಸಿಬೀಜ ಬೇಕು. ಆ ಬೀಜಕ್ಕೆ 280 ರೂಪಾಯಿ, ಚಿಕೋರಿಗೆ 20, ಪ್ಯಾಕಿಂಗ್‌ಗೆ 15, ಗ್ಯಾಸ್ ಮತ್ತು ಕರೆಂಟಿಗೆ 10, ಸಾಗಣೆಗೆ 15. ಒಟ್ಟು ಕಿಲೋಗೆ 340 ರೂಪಾಯಿ. ಇದರ ಜತೆಗೆ ಸಂಬಳ, ಬಾಡಿಗೆ, ವಿಮೆ, ಬ್ಯಾಂಕ್ ಬಡ್ಡಿ ಎಲ್ಲ ಸೇರಿ ಆರು ತಿಂಗಳಿಗೆ 1.20 ಕೋಟಿ. ಒಟ್ಟು ಖರ್ಚು 4.60 ಕೋಟಿ, ಉಳಿಯಬೇಕಾದ ಲಾಭ 40 ಲಕ್ಷ.

ನಡೆದದ್ದು ಬೇರೆ. ಮಾರಿದ್ದು 1,20,000 ಕಿಲೋ, ಬಂದದ್ದು 6.06 ಕೋಟಿ. ಖರ್ಚಾದದ್ದು 5.72 ಕೋಟಿ. ಲಾಭ 34 ಲಕ್ಷ. ಪುಡಿ ಐದನೇ ಒಂದು ಪಾಲು ಹೆಚ್ಚು ಮಾರಿ, ಅಂದುಕೊಂಡದ್ದಕ್ಕಿಂತ 6 ಲಕ್ಷ ಕಡಿಮೆ ಲಾಭ.

ಈ ಹಂತದಲ್ಲಿ ಆತುರದಿಂದ ಬರೆಯುವ ಇಮೇಲ್ ಹೇಗಿರುತ್ತದೆ ಎಂಬುದು ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ‘ಮಾರಾಟ ಹೆಚ್ಚಾದ ಕಾರಣ ಖರ್ಚೂ ಹೆಚ್ಚಾಗಿದೆ. ಕಾಫಿ ಬೀಜದ ಬೆಲೆ ಏರಿಕೆ ನಮ್ಮ ಕೈಮೀರಿದ್ದು. ವಿವರ ಲಗತ್ತಿಸಿದೆ.’ ಕೆಳಗೆ ನಲವತ್ತು ಸಾಲಿನ ಎಕ್ಸೆಲ್ ಶೀಟ್. ಇದರಲ್ಲಿ ಸುಳ್ಳಿಲ್ಲ. ಆದರೆ 1.12 ಕೋಟಿಯಲ್ಲಿ ಎಷ್ಟು ಮಾರಾಟದಿಂದ ಬಂತು, ಎಷ್ಟು ಬೆಲೆಯಿಂದ, ಎಷ್ಟು ನಮ್ಮದೇ ಅಜಾಗರೂಕತೆಯಿಂದ ಎಂಬುದನ್ನು ಅದು ಹೇಳುವುದಿಲ್ಲ. ಅದು ಗೊತ್ತಾಗದೆ ಎಂಡಿ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಲಾರರು.

ಸರಿಯಾದ ದಾರಿಯ ಮೊದಲ ಹೆಜ್ಜೆ ಹಳೆಯ ಬಜೆಟನ್ನೇ ಹೊಸ ಮಾರಾಟಕ್ಕೆ ಹೊಂದಿಸಿ ಮತ್ತೆ ಬರೆಯುವುದು. ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಫ್ಲೆಕ್ಸಿಬಲ್ ಬಜೆಟ್ ಎನ್ನುತ್ತಾರೆ. ಐನೂರು ಜನರ ಮದುವೆ ಊಟಕ್ಕೆ ಮಾತಾಡಿ ಆರುನೂರು ಜನ ಉಂಡರೆ, ಅಡುಗೆಯವರ ಬಿಲ್ಲನ್ನು ಆರುನೂರು ಎಲೆಯ ಲೆಕ್ಕಕ್ಕೆ ಹೋಲಿಸಬೇಕೇ ಹೊರತು ಐನೂರರ ಲೆಕ್ಕಕ್ಕಲ್ಲ. ಇಲ್ಲೂ ಹಾಗೆಯೇ. 1,20,000 ಕಿಲೋಗೆ 340 ರೂಪಾಯಿಯಂತೆ 4.08 ಕೋಟಿ, ಮೇಲೆ ಬದಲಾಗದ 1.20 ಕೋಟಿ. ಇಷ್ಟು ಪುಡಿ ಮಾಡಿ ಮಾರಲು ಆಗಬೇಕಿದ್ದ ಖರ್ಚು 5.28 ಕೋಟಿ.

ಈಗ 1.12 ಕೋಟಿ ಎರಡು ಭಾಗವಾಗಿ ಬಿಡಿಸಿಕೊಳ್ಳುತ್ತದೆ. ಮೂಲ ಬಜೆಟ್ಟಿನ 4.60 ಕೋಟಿಯಿಂದ 5.28 ಕೋಟಿವರೆಗಿನ 68 ಲಕ್ಷ ಮಾರಾಟ ಹೆಚ್ಚಿದ್ದಕ್ಕೆ ಬಂದ ಖರ್ಚು. ಅದಕ್ಕೆ ಯಾರೂ ಸಮಜಾಯಿಷಿ ಕೊಡಬೇಕಿಲ್ಲ. 5.28 ಕೋಟಿಯಿಂದ 5.72 ಕೋಟಿವರೆಗಿನ 44 ಲಕ್ಷ ಮಾತ್ರ ನಿಜವಾದ ಹೆಚ್ಚುವರಿ. ಇಮೇಲ್ ಬರೆಯಬೇಕಾದದ್ದು ಈ 44 ಲಕ್ಷದ ಬಗ್ಗೆ.

ಇದನ್ನು ಹುಡುಕುವ ಮುಂಚೆ ಒಂದು ಸಣ್ಣ ತಪಾಸಣೆ ಬೇಕು: ಖರ್ಚೆಲ್ಲ ಸರಿಯಾದ ತಿಂಗಳಿನಲ್ಲಿ, ಸರಿಯಾದ ಖಾತೆಯಲ್ಲಿ ಕೂತಿದೆಯೇ? ಇಡೀ ವರ್ಷದ ವಿಮಾ ಕಂತನ್ನು ಏಪ್ರಿಲ್ ಒಂದರಲ್ಲೇ ಬರೆದಿದ್ದರೆ ಮೊದಲ ಆರು ತಿಂಗಳ ಖರ್ಚು ಸುಳ್ಳೇ ಉಬ್ಬುತ್ತದೆ. ಸೆಪ್ಟೆಂಬರ್ ಕೊನೆಯ ವಾರದ ಲಾರಿ ಬಾಡಿಗೆ ಬಿಲ್ ಅಕ್ಟೋಬರ್‌ನಲ್ಲಿ ಕೈಸೇರಿದರೆ ಸುಳ್ಳೇ ಇಳಿಯುತ್ತದೆ. ಗೋದಾಮಿನಲ್ಲಿ ಇನ್ನೂ ಹುರಿಯದೆ ಬಿದ್ದಿರುವ ಬೀಜ ಖರ್ಚಲ್ಲ, ದಾಸ್ತಾನು. ಈ ತಪಾಸಣೆ ಮಾಡದೆ ಕಾರಣ ಹುಡುಕಲು ಹೋದವರು ಇಲ್ಲದ ಸೋರಿಕೆಯನ್ನು ಹುಡುಕುತ್ತ ಕೂರುತ್ತಾರೆ.

44 ಲಕ್ಷದಲ್ಲಿ 30 ಲಕ್ಷ ಕಾಫಿ ಬೀಜದ್ದು. ಆದರೆ ಅದನ್ನು ಇಡಿಯಾಗಿ ‘ಬೆಲೆ ಏರಿಕೆ’ ಎಂದು ಬರೆದರೆ ಮೋಸವಾಗುತ್ತದೆ. ಏಕೆಂದರೆ ಬೀಜದ ಖರ್ಚು ಎರಡು ಕಾರಣಕ್ಕೆ ಏರಬಹುದು: ದರ ಹೆಚ್ಚಾದರೆ, ಇಲ್ಲವೇ ಹೆಚ್ಚು ಬೀಜ ಬಳಸಿದರೆ. ಮೊದಲನೆಯದು ಪೇಟೆಯ ವಿಷಯ, ಎರಡನೆಯದು ಕಾರ್ಖಾನೆಯ ವಿಷಯ.

ಬಳಸಿದ ಬೀಜವನ್ನು ಮೊದಲು ನೋಡೋಣ. 1,20,000 ಕಿಲೋ ಪುಡಿಗೆ 1,20,000 ಕಿಲೋ ಬೀಜ ಸಾಕಿತ್ತು. ಹೋದದ್ದು 1,22,000 ಕಿಲೋ. ಹೆಚ್ಚುವರಿ 2,000 ಕಿಲೋ, ಬಜೆಟ್ ದರದಲ್ಲಿ ಸುಮಾರು 6 ಲಕ್ಷ ರೂಪಾಯಿ. ಹುರಿದ ಕಾಫಿಯ ತೂಕ ಮಾತ್ರ ಲೆಕ್ಕದಂತೆ 96,000 ಕಿಲೋ. ಅಂದರೆ ತೂಕ ಇಳಿಕೆ ನೂರಕ್ಕೆ 20ರ ಬದಲು 21 ದಾಟಿದೆ. ಕಾರ್ಖಾನೆಯ ನೆಲದ ಮೇಲೆ ಈ ಒಂದು ಚಿಲ್ಲರೆ ಶೇಕಡಾ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಸಿಗುವುದು ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ. ಒಂದು ರೋಸ್ಟರ್‌ನ ದಿನವಹಿ: ಎಷ್ಟು ತುಂಬಿದೆವು, ಎಷ್ಟು ಇಳಿಸಿದೆವು. ಇನ್ನೊಂದು ಬೀಜ ಒಳಬಂದಾಗ ತೇವಾಂಶ ಅಳತೆ ಮಾಡಿ ಬರೆದ ಪುಸ್ತಕ. ಒಣಗಿದ ಹಸಿಬೀಜದಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹನ್ನೆರಡರಷ್ಟು ನೀರಿನಂಶ ಇರುತ್ತದೆ. ಅದಕ್ಕಿಂತ ಒಂದು ಶೇಕಡಾ ಹೆಚ್ಚಿರುವ ಬೀಜವನ್ನು ತೂಕ ಹಾಕಿ ಕೊಂಡರೆ, 1,22,000 ಕಿಲೋದಲ್ಲಿ 1,220 ಕಿಲೋ ನೀರಿಗೆ ಕಾಫಿಯ ಬೆಲೆ ಕೊಟ್ಟಂತೆ. ಆ ನೀರು ರೋಸ್ಟರ್‌ನಲ್ಲಿ ಆವಿಯಾಗುತ್ತದೆ. ಪೇಟೆ ಬಿಸಿಯಾಗಿ ಬೀಜ ಸಿಕ್ಕರೆ ಸಾಕು ಎಂಬ ಸ್ಥಿತಿ ಬಂದಾಗ ತೇವಾಂಶ ನೋಡುವ ಕಟ್ಟುನಿಟ್ಟು ಸಡಿಲಾಗುವುದು ಸಹಜ. ಈ 6 ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೆ ಹೋಗಿರಬಹುದಾದ್ದು. ಉಳಿದದ್ದಕ್ಕೆ ಅತಿಯಾಗಿ ಹುರಿದದ್ದನ್ನೂ ಚೆಲ್ಲಿದ್ದನ್ನೂ ನೋಡಬೇಕು.

ದರದ ವ್ಯತ್ಯಾಸ ಸುಮಾರು 24 ಲಕ್ಷ. ಬಳಸಿದ ಬೀಜದ ಸರಾಸರಿ ದರ 280ರ ಬದಲು 300 ರೂಪಾಯಿ ಆಗಿದೆ. ಇಪ್ಪತ್ತು ರೂಪಾಯಿ ಏರಿಕೆ, ಅಷ್ಟೇ ತಾನೇ ಎನಿಸಬಹುದು. ಆದರೆ ಈ ಸರಾಸರಿ ನಿಜವನ್ನು ಮರೆಮಾಡುತ್ತದೆ. ಕಂಪನಿ ಎಲ್ಲ ಬೀಜವನ್ನೂ 300ಕ್ಕೆ ಕೊಂಡಿಲ್ಲ. ಕೊಯ್ಲಿನ ಹಂಗಾಮಿನಲ್ಲೇ 1,00,000 ಕಿಲೋ ಬೀಜವನ್ನು 280ರಂತೆ ಕೊಂಡು ಗೋದಾಮಿನಲ್ಲಿ ಇಟ್ಟಿತ್ತು. ಬಜೆಟ್ಟಿನ ಮಾರಾಟಕ್ಕೆ ಅದು ಸಾಕಿತ್ತು. ಆಗಸ್ಟ್ ಕೊನೆಗೆ ಅದು ಮುಗಿಯಿತು. ಉಳಿದ 22,000 ಕಿಲೋವನ್ನು ಆ ಹೊತ್ತಿನ ಪೇಟೆ ದರಕ್ಕೆ, ಕಿಲೋಗೆ ಸುಮಾರು 391 ರೂಪಾಯಿ ಕೊಟ್ಟು ತರಬೇಕಾಯಿತು. ಎಂದರೆ 24 ಲಕ್ಷದ ಹೊರೆ ಪೂರ್ತಿ ಕೊನೆಯ 22,000 ಕಿಲೋ ಮೇಲೆ ಬಿದ್ದಿದೆ.

ಇಲ್ಲಿಗೆ ಬಂದಾಗ ಒಳ್ಳೆಯ ಫೈನಾನ್ಸ್ ಮ್ಯಾನೇಜರ್ ಲೆಕ್ಕದ ಪುಸ್ತಕ ಬಿಟ್ಟು ಸೇಲ್ಸ್ ವಿಭಾಗಕ್ಕೆ ಹೋಗಿ ಕೇಳಬೇಕು: 20,000 ಕಿಲೋ ಹೆಚ್ಚಿಗೆ ಮಾರಿದ್ದು ಹೇಗೆ? ನಮ್ಮ ಕಂಪನಿಯಲ್ಲಿ ಸಿಗುವ ಉತ್ತರ ಇದು. ಬೇರೆ ಬ್ರ್ಯಾಂಡ್‌ಗಳು ಬೇಸಿಗೆಯಿಂದಲೇ ದರ ಏರಿಸಿದವು. ಈ ಕಂಪನಿ ಆಗಸ್ಟ್‌ವರೆಗೂ 500 ರೂಪಾಯಿಯಲ್ಲೇ ನಿಂತಿತು. ಅಂಗಡಿಯವರು ಅಗ್ಗವಾಗಿ ಸಿಗುವ ಈ ಪುಡಿಗೆ ಹೊರಳಿದರು. ಸೆಪ್ಟೆಂಬರ್‌ನಲ್ಲಿ ದರವನ್ನು 530ಕ್ಕೆ ಏರಿಸಿದ್ದರಿಂದ ಬಂದ ಹೆಚ್ಚುವರಿ ಹಣ 6 ಲಕ್ಷ ಮಾತ್ರ. ಹಾಗಾದರೆ ಮಾರಾಟ ಏರಿದ್ದು ಒಂದು ಶುಭಸುದ್ದಿ, ಖರ್ಚು ಏರಿದ್ದು ಇನ್ನೊಂದು ಅಶುಭಸುದ್ದಿ ಅಲ್ಲ. ಎರಡರ ಬೇರೂ ಒಂದೇ: ಪೇಟೆ ಏರಿದಾಗ ತಮ್ಮ ದರ ಏರಿಸದೆ ಇದ್ದದ್ದು. ಹಳೆಯ ಬೆಲೆಯ ಬೀಜ ಇದೆಯೆಂಬ ಧೈರ್ಯದಿಂದ ಅಗ್ಗವಾಗಿ ಮಾರಿದರು. ಅಗ್ಗವಾಗಿ ಮಾರಿದ್ದರಿಂದ ಆ ಬೀಜ ಬೇಗ ಮುಗಿದು ದುಬಾರಿ ಬೀಜಕ್ಕೆ ಕೈ ಹಾಕಬೇಕಾಯಿತು.

ಉಳಿದ 14 ಲಕ್ಷವೂ ಅದೇ ಬೇರಿನದೇ. ಸಾಗಣೆಗೆ 18 ಲಕ್ಷ ಆಗಬೇಕಿದ್ದ ಕಡೆ 24 ಲಕ್ಷ ಹೋಗಿದೆ. ಹೊಸ ಅಂಗಡಿಗಳ ಆರ್ಡರು ಸಣ್ಣಸಣ್ಣದು, ಅರ್ಧ ತುಂಬಿದ ಗಾಡಿಗಳು ಪದೇಪದೇ ಓಡಿವೆ. ಓಟಿಗೆ 5 ಲಕ್ಷ. ರೋಸ್ಟರನ್ನು ರಾತ್ರಿಯೂ ನಡೆಸಬೇಕಾಯಿತು, ಓಟಿಗೆ ಕಾನೂನಿನಂತೆ ಮಾಮೂಲಿ ದರದ ಎರಡರಷ್ಟು ಕೂಲಿ ಕೊಡಬೇಕು. ಬಡ್ಡಿ 3 ಲಕ್ಷ. ಬೀಜಕ್ಕೆ ಕೂಡಲೇ ದುಡ್ಡು ಎಣಿಸಬೇಕು, ಅಂಗಡಿಯವರು ಕೊಡುವುದು ಉದ್ರಿಯ ಗಡುವು ಮುಗಿದ ಮೇಲೆ. ನಡುವಿನ ದಿನಗಳಿಗೆ ಬ್ಯಾಂಕಿನ ಓವರ್‌ಡ್ರಾಫ್ಟೇ ಗತಿ. ‘ಸ್ಥಿರ ಖರ್ಚು’ ಎಂದು ಬಜೆಟ್ಟಿನಲ್ಲಿ ಬರೆದ ಸಾಲು ಒಂದು ಮಿತಿಯವರೆಗೆ ಮಾತ್ರ ಸ್ಥಿರ. ಯಂತ್ರ ಮತ್ತು ಜನರ ಸಾಮರ್ಥ್ಯ ಮುಗಿದ ಕಡೆ ಅದೂ ಮೇಲೇರುತ್ತದೆ.

ಇಷ್ಟು ಲೆಕ್ಕ ಕೈಯಲ್ಲಿದ್ದರೆ ಇಮೇಲ್ ಚಿಕ್ಕದಾಗಿಯೇ ಇರಬಹುದು. ಅದು ಹೀಗಿದ್ದರೆ ಸಾಕು:

‘ಮೇಡಂ, ನಮಸ್ಕಾರ. ಏಪ್ರಿಲ್–ಸೆಪ್ಟೆಂಬರ್ ಅವಧಿಯಲ್ಲಿ ಖರ್ಚು ಬಜೆಟ್‌ಗಿಂತ 1.12 ಕೋಟಿ ಹೆಚ್ಚಾಗಿದೆ. ಇದರಲ್ಲಿ 68 ಲಕ್ಷ 20 ಟನ್ ಹೆಚ್ಚು ಮಾರಿದ್ದರಿಂದ ಬಂದದ್ದು. ಉಳಿದ 44 ಲಕ್ಷ ಆಗಬಾರದಿದ್ದ ಹೆಚ್ಚಳ. ಅದರ ಪಾಲು: ಬೀಜದ ದರ 24 ಲಕ್ಷ, ಬೀಜದ ಹೆಚ್ಚು ಬಳಕೆ 6 ಲಕ್ಷ, ಸಾಗಣೆ 6 ಲಕ್ಷ, ಓಟಿ 5 ಲಕ್ಷ, ಬಡ್ಡಿ 3 ಲಕ್ಷ.

ಆರು ತಿಂಗಳ ಲಾಭ 34 ಲಕ್ಷ ಎಂದು ಕಾಣುತ್ತದೆ. ಆದರೆ ಸೆಪ್ಟೆಂಬರ್ ಒಂದನ್ನೇ ತೆಗೆದುಕೊಂಡರೆ ನಾವು ನಷ್ಟದಲ್ಲಿದ್ದೇವೆ. ಹೊಸ ದರದ ಬೀಜದಿಂದ ಮಾಡಿದ ಪುಡಿಗೆ ಕಿಲೋಗೆ 451 ರೂಪಾಯಿ ತಗಲುತ್ತದೆ. 20 ಟನ್‌ಗೆ 90 ಲಕ್ಷ, ತಿಂಗಳ ಸ್ಥಿರ ಖರ್ಚು 20 ಲಕ್ಷ. ಬಂದದ್ದು 1.06 ಕೋಟಿ. ಓಟಿ, ಬಡ್ಡಿ ಸೇರಿಸುವ ಮುಂಚೆಯೇ 4 ಲಕ್ಷ ಕೈಬಿಟ್ಟಿದೆ. ಹಳೆಯ ಬೀಜ ಮುಗಿದಿರುವುದರಿಂದ ಮುಂದಿನ ಆರು ತಿಂಗಳೂ ಸೆಪ್ಟೆಂಬರಿನಂತೆಯೇ ಇರುತ್ತವೆ. ಮಾರಾಟ ದರದ ಬಗ್ಗೆ ಈ ವಾರವೇ ತಮ್ಮ ತೀರ್ಮಾನ ಬೇಕು. ಸಾಗಣೆ ಮತ್ತು ತೇವಾಂಶದ ಬಗ್ಗೆ ನಾನು ಹಾಗೂ ಪ್ರೊಡಕ್ಷನ್ ಮ್ಯಾನೇಜರ್ ಕೂತು ಕ್ರಮ ತೆಗೆದುಕೊಳ್ಳುತ್ತೇವೆ. ಲೆಕ್ಕದ ವಿವರ ಒಂದು ಪುಟದಲ್ಲಿ ಲಗತ್ತಿಸಿದ್ದೇನೆ.’

ಈ ಪತ್ರದ ಎರಡನೇ ಪ್ಯಾರಾ ಗಮನಿಸಬೇಕಾದದ್ದು. ಎಂಡಿ ಕೇಳಿದ್ದು ಹಿಂದಿನ ಆರು ತಿಂಗಳ ಪ್ರಶ್ನೆ. ಆದರೆ ಆ ಲೆಕ್ಕ ಬಿಡಿಸುವಾಗ ಸಿಕ್ಕ ಅತಿ ಮುಖ್ಯ ಸಂಗತಿ ಮುಂದಿನ ಆರು ತಿಂಗಳದ್ದು. ಐದು ಅಗ್ಗದ ತಿಂಗಳುಗಳು ಒಂದು ದುಬಾರಿ ತಿಂಗಳನ್ನು ಮುಚ್ಚಿಟ್ಟಿದ್ದವು. ಸರಾಸರಿ ನೋಡಿ ‘ಬರೀ 6 ಲಕ್ಷ ಕಡಿಮೆ, ಪರವಾಗಿಲ್ಲ’ ಎಂದು ಸುಮ್ಮನಾಗಿದ್ದರೆ ಮಾರ್ಚ್‌ನಲ್ಲಿ ಗೊತ್ತಾಗುತ್ತಿದ್ದದ್ದು ಬೇರೆಯೇ ಲೆಕ್ಕ.

ಆ ಲೆಕ್ಕ ಎಷ್ಟು? 451ರ ಮೇಲೆ ಸ್ಥಿರ ಖರ್ಚಿಗೆ ಕಿಲೋಗೆ 100 ರೂಪಾಯಿ ಬೇಕು, 1,20,000 ಕಿಲೋ ಮಾರಿದರೆ. ಅಂದರೆ 551 ರೂಪಾಯಿಗೆ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 530ರಲ್ಲೇ ಮುಂದುವರಿದರೆ ಅರ್ಧ ವರ್ಷಕ್ಕೆ 25 ಲಕ್ಷ ನಷ್ಟ. ಮೊದಲಿನ 40 ಲಕ್ಷ ಲಾಭ ಬೇಕೆಂದರೆ ದರ ಸುಮಾರು 585 ಆಗಬೇಕು. ‘ಅಷ್ಟು ಏರಿಸಿದರೆ ಗಿರಾಕಿ ಬಿಟ್ಟುಹೋಗುತ್ತಾರೆ’ ಎಂದು ಸೇಲ್ಸ್‌ನವರು ಹೇಳುತ್ತಾರೆ, ಆ ಭಯ ಸುಳ್ಳೂ ಅಲ್ಲ. ಆದ್ದರಿಂದ ಅದನ್ನೂ ಲೆಕ್ಕಕ್ಕೆ ಹಾಕಬೇಕು. 585ಕ್ಕೆ ಏರಿಸಿ, ಹೊಸದಾಗಿ ಬಂದ ಅಂಗಡಿಗಳೆಲ್ಲ ಬಿಟ್ಟುಹೋಗಿ ಮಾರಾಟ ಮತ್ತೆ 1,00,000 ಕಿಲೋಗೆ ಇಳಿಯಿತು ಎಂದಿಟ್ಟುಕೊಳ್ಳಿ. ಕಿಲೋಗೆ 134 ರೂಪಾಯಿಯಂತೆ 1.34 ಕೋಟಿ ಉಳಿಯುತ್ತದೆ, ಸ್ಥಿರ ಖರ್ಚು ಕಳೆದರೆ 14 ಲಕ್ಷ ಲಾಭ. 20 ಟನ್ ಕಡಿಮೆ ಮಾರಿಯೂ 530ರ ದಾರಿಗಿಂತ 39 ಲಕ್ಷ ಮೇಲು. ಓಟಿ ಮತ್ತು ಅರ್ಧ ಖಾಲಿ ಗಾಡಿಗಳ ಖರ್ಚೂ ಆಗ ತಾನಾಗಿಯೇ ತಪ್ಪುತ್ತದೆ.

ಇನ್ನೊಂದು ದಾರಿಯೂ ಮನಸ್ಸಿಗೆ ಬರುತ್ತದೆ: ಚಿಕೋರಿ ಹೆಚ್ಚಿಸುವುದು. 80–20ರ ಬದಲು 70–30 ಮಾಡಿದರೆ ಒಂದು ಕಿಲೋ ಪುಡಿಗೆ 875 ಗ್ರಾಂ ಹಸಿಬೀಜ ಸಾಕು. ಬೀಜದಲ್ಲಿ ಸುಮಾರು 49 ರೂಪಾಯಿ ಉಳಿದು, ಚಿಕೋರಿಗೆ 10 ರೂಪಾಯಿ ಹೆಚ್ಚಾಗಿ, ಕಿಲೋಗೆ 39 ರೂಪಾಯಿ ಮಿಗುತ್ತದೆ. ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವೂ ಪ್ಯಾಕೆಟ್ ಮೇಲೆ ಅಚ್ಚಾಗಬೇಕು. 70–30 ಕಾನೂನಿಗೆ ಒಪ್ಪುತ್ತದೆ. ಆದರೆ ಹಳೆಯ ಪ್ಯಾಕೆಟ್‌ನಲ್ಲಿ ಹೊಸ ಮಿಶ್ರಣ ತುಂಬುವಂತಿಲ್ಲ, ಮತ್ತು ಬೆಳಗಿನ ಕಾಫಿಯ ರುಚಿ ಬದಲಾದದ್ದು ಗಿರಾಕಿಗೆ ಮೊದಲ ಲೋಟದಲ್ಲೇ ಗೊತ್ತಾಗುತ್ತದೆ. ಹಾಗಾಗಿ ಇದು ಫೈನಾನ್ಸ್ ವಿಭಾಗ ಒಂಟಿಯಾಗಿ ಸೂಚಿಸುವ ಪರಿಹಾರವಲ್ಲ. ಬೇರೆ ಹೆಸರಿನಲ್ಲಿ, ಕಡಿಮೆ ಬೆಲೆಯ ಎರಡನೇ ಪುಡಿಯಾಗಿ ತರಬಹುದೇ ಎಂದು ಎಂಡಿ ಮುಂದೆ ಇಡಬಹುದಾದ ವಿಷಯ.

ಈ ವಿಧಾನಕ್ಕೆ ಮಿತಿಗಳೂ ಇವೆ. 44 ಲಕ್ಷವನ್ನು ಐದು ಪಾಲು ಮಾಡಿದ ಮಾತ್ರಕ್ಕೆ ಐದು ಬೇರೆಬೇರೆ ಜನ ಹೊಣೆಯೆಂದು ತಿಳಿಯಬಾರದು. ಸಾಗಣೆ ವಿಭಾಗದವರ 6 ಲಕ್ಷ ನಿಜಕ್ಕೂ ಸೇಲ್ಸ್‌ನವರು ಒಪ್ಪಿಕೊಂಡ ಸಣ್ಣ ಆರ್ಡರುಗಳಿಂದ ಬಂದದ್ದು. ಬೀಜ ಕೊಳ್ಳುವವರು ತೇವಾಂಶ ಬಿಟ್ಟುಕೊಟ್ಟಿದ್ದು ಬೀಜ ಬೇಗ ಬೇಕೆಂಬ ಒತ್ತಡಕ್ಕೆ. ಬಜೆಟ್ಟೇ ತಪ್ಪಾಗಿದ್ದ ಸಾಧ್ಯತೆಯೂ ಇದೆ. ಪೇಟೆ ಏರುತ್ತಿರುವಾಗ ಇಡೀ ಅರ್ಧ ವರ್ಷಕ್ಕೆ 280ರ ಒಂದೇ ದರ ಹಿಡಿದದ್ದು ಹಾಗೆ ತಪ್ಪಿದ ಲೆಕ್ಕ. ಅದನ್ನು ಇಮೇಲ್‌ನಲ್ಲಿ ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಉಳಿದ ಸಂಖ್ಯೆಗಳ ಮೇಲೆ ನಂಬಿಕೆ ಬರುತ್ತದೆ.

ಮುಂದಿನ ಅರ್ಧ ವರ್ಷಕ್ಕೆ ಹಿಡಿದ 391 ರೂಪಾಯಿಯೂ ನಿಲ್ಲುವ ದರವಾಗಿರಲಿಲ್ಲ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆಯಿತು. ಅಂಥ ಕಾಲದಲ್ಲಿ ಫೈನಾನ್ಸ್ ಮ್ಯಾನೇಜರ್ ಎಂಡಿಗೆ ಕಳಿಸಬೇಕಾದದ್ದು ಒಂದೇ ದರದ ಬಜೆಟ್ ಅಲ್ಲ, ಮೂರು ಕಂಬಸಾಲಿನ ಒಂದು ಹಾಳೆ: ಬೀಜ 360 ಆದರೆ ಪುಡಿಯ ದರ ಎಷ್ಟಿರಬೇಕು, 390 ಆದರೆ ಎಷ್ಟು, 420 ಆದರೆ ಎಷ್ಟು. ಪ್ರತಿ ತಿಂಗಳ ಮೊದಲ ವಾರ ಆ ಹಾಳೆಗೆ ಆ ತಿಂಗಳ ಖರೀದಿ ದರ, ತೇವಾಂಶ ಮತ್ತು ಗೋದಾಮಿನಲ್ಲಿ ಉಳಿದಿರುವ ಹಳೆಯ ದರದ ಬೀಜದ ತೂಕ, ಈ ಮೂರನ್ನು ಸೇರಿಸಿದರೆ, ಹಳೆಯ ಬೀಜ ಯಾವ ವಾರ ಮುಗಿಯುತ್ತದೆ ಎಂಬುದು ಮುಂಚೆಯೇ ಕಾಣುತ್ತದೆ. ದರ ಏರಿಸುವ ತೀರ್ಮಾನವನ್ನು ಆ ವಾರಕ್ಕೆ ಮುಂಚೆ ತೆಗೆದುಕೊಳ್ಳಲು ಎಂಡಿಗೆ ಸಮಯ ಸಿಗುತ್ತದೆ.